ಬೆಳಗಿನ ಹದಿನೈದು ನಿಮಿಷ: ಓಪನಿಂಗ್ ರೇಂಜ್ ಗುರುತಿಸುವುದು ಮತ್ತು ಹುಸಿ ಬ್ರೇಕ್‌ಔಟ್‌ಗಳನ್ನು ಸೋಸುವುದು

(ಮುಂಬಯಿಯ ಮಾಟುಂಗಾದಲ್ಲಿ ಕನ್ನಡಿಗ ಹೂಡಿಕೆದಾರರ ಗೆಳೆಯರ ಬಳಗದ ಮುಂದೆ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಅಂದು ಹಲಗೆಯ ಮೇಲೆ ಬರೆದ ಲೆಕ್ಕಗಳನ್ನು ಇಲ್ಲಿ ವಾಕ್ಯಗಳಲ್ಲಿ ಬಿಡಿಸಿದ್ದೇನೆ.)

ಆತ್ಮೀಯರೆ,

ಇಂದು ನಾನು ಮಾತನಾಡಬೇಕಾದ ವಿಷಯ ಬಹಳ ಕಿರಿದು. ಮಾರುಕಟ್ಟೆ ತೆರೆದ ಮೊದಲ ಕೆಲವು ನಿಮಿಷಗಳಲ್ಲಿ ಒಂದು ಷೇರು ಎಷ್ಟು ಮೇಲೆ ಹೋಯಿತು, ಎಷ್ಟು ಕೆಳಗೆ ಬಂತು ಎಂಬ ಎರಡು ಗೆರೆಗಳನ್ನು ಎಳೆದು, ಆ ಗೆರೆಗಳನ್ನು ಬೆಲೆ ದಾಟಿದ ದಿಕ್ಕಿನಲ್ಲಿ ಅದೇ ದಿನದ ಮಟ್ಟಿಗೆ ವ್ಯವಹರಿಸುವ ಪದ್ಧತಿಗೆ ಓಪನಿಂಗ್ ರೇಂಜ್ ಬ್ರೇಕ್‌ಔಟ್ ಎನ್ನುತ್ತಾರೆ. ಇದನ್ನು ಐದು ನಿಮಿಷಗಳಲ್ಲಿ ಯಾರಿಗಾದರೂ ಕಲಿಸಬಹುದು, ಮತ್ತು ಹಾಗೆ ಐದು ನಿಮಿಷಗಳಲ್ಲಿ ಕಲಿತವರು ಐದಾರು ವಾರಗಳಲ್ಲಿ ಕೈಬಿಡುವುದನ್ನೂ ನಾನು ಕಂಡಿದ್ದೇನೆ. ಷೇರುಗಳ ನಗದು ವಿಭಾಗದಲ್ಲಿ 2022-23ರ ಹಣಕಾಸು ವರ್ಷದಲ್ಲಿ ದಿನದ ವ್ಯವಹಾರ ಮಾಡಿದ ವ್ಯಕ್ತಿಗಳ ಪೈಕಿ ಹತ್ತರಲ್ಲಿ ಏಳು ಮಂದಿ ನಷ್ಟ ಕಂಡರೆಂದು ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಆ ಏಳು ಮಂದಿಯಲ್ಲಿ ಈ ಎರಡು ಗೆರೆಗಳನ್ನು ಎಳೆಯಲು ಬಲ್ಲವರೂ ಇದ್ದೇ ಇರುತ್ತಾರೆ. ಆದ್ದರಿಂದ ಗೆರೆ ಎಳೆಯುವುದನ್ನು ಬೇಗ ಮುಗಿಸಿ, ಆ ಗೆರೆಗೆ ಅರ್ಥವಿದೆಯೇ, ಅದನ್ನು ದಾಟಿದ ಬೆಲೆ ಅಲ್ಲಿ ನಿಲ್ಲುತ್ತದೆಯೇ ಎಂಬ ಎರಡು ಪ್ರಶ್ನೆಗಳಿಗೆ ಹೆಚ್ಚು ಸಮಯ ಕೊಡುತ್ತೇನೆ.

ಮೊದಲು ಗೆರೆಗಳು. ನಮ್ಮಲ್ಲಿ 9ರಿಂದ 9:15ರ ವರೆಗೆ ಪ್ರೀ-ಓಪನ್ ಅವಧಿ ಇರುತ್ತದೆ, ಅದರಲ್ಲಿ ಕೂಡಿಕೊಂಡ ಆರ್ಡರ್‌ಗಳು ಒಂದೇ ಬೆಲೆಗೆ ಹೊಂದಾಣಿಕೆಯಾಗಿ ದಿನದ ಆರಂಭದ ಬೆಲೆ ನಿಗದಿಯಾಗುತ್ತದೆ. ನಿರಂತರ ವ್ಯವಹಾರ 9:15ಕ್ಕೆ ಶುರುವಾಗುತ್ತದೆ. ನಾನು 9:15ರಿಂದ 9:30ರ ವರೆಗಿನ ಹದಿನೈದು ನಿಮಿಷಗಳ ಗರಿಷ್ಠ ಮತ್ತು ಕನಿಷ್ಠ ಬೆಲೆಗಳನ್ನು ರೇಂಜ್ ಎಂದು ಹಿಡಿಯುತ್ತೇನೆ. ಐದು ನಿಮಿಷದ ರೇಂಜ್ ಬಳಸುವವರಿದ್ದಾರೆ, ಮೂವತ್ತು ನಿಮಿಷದ್ದನ್ನು ಬಳಸುವವರೂ ಇದ್ದಾರೆ. ಅವಧಿ ಚಿಕ್ಕದಾದಷ್ಟು ಅವಕಾಶಗಳೂ ಹುಸಿ ಸೂಚನೆಗಳೂ ಒಟ್ಟಿಗೆ ಹೆಚ್ಚುತ್ತವೆ, ದೊಡ್ಡದಾದಷ್ಟು ಸ್ಟಾಪ್‌ಲಾಸ್, ಅಂದರೆ ನಷ್ಟ ಒಪ್ಪಿಕೊಂಡು ಹೊರಬರುವ ಬೆಲೆ, ದೂರ ಹೋಗುತ್ತದೆ. ಈ ಪದ್ಧತಿಯನ್ನು ವಿವರವಾಗಿ ಪರೀಕ್ಷಿಸಿ 1990ರಲ್ಲಿ ಬರೆದ ಅಮೆರಿಕದ ಟೋಬಿ ಕ್ರೇಬಲ್ ಅವರ ಲೆಕ್ಕವೇ ಬೇರೆ ಇತ್ತು. ಅವರು ಮೊದಲ ಹದಿನೈದು ನಿಮಿಷಗಳನ್ನು ಅಳೆಯಲಿಲ್ಲ. ಹಿಂದಿನ ಹತ್ತು ದಿನಗಳಲ್ಲಿ ಆರಂಭದ ಬೆಲೆಗೂ ಅದಕ್ಕೆ ಹತ್ತಿರವಿದ್ದ ತುದಿಗೂ, ಅಂದರೆ ದಿನದ ಗರಿಷ್ಠ ಅಥವಾ ಕನಿಷ್ಠ ಬೆಲೆಗೂ, ಇದ್ದ ಅಂತರದ ಸರಾಸರಿಯನ್ನು ತೆಗೆದು, ಆ ದಿನದ ಆರಂಭದ ಬೆಲೆಯಿಂದ ಅಷ್ಟು ದೂರದಲ್ಲಿ ಆರ್ಡರ್ ಇಡುತ್ತಿದ್ದರು. ಇದನ್ನು ಹೇಳಿದ್ದು ಏಕೆಂದರೆ, ಹದಿನೈದು ನಿಮಿಷ ಎಂಬುದು ಶಾಸ್ತ್ರವಾಕ್ಯವೇನೂ ಅಲ್ಲ. ಆದರೆ ಒಮ್ಮೆ ಒಂದು ಅವಧಿಯನ್ನು ಆಯ್ದ ಮೇಲೆ ಸೋಮವಾರ ಹದಿನೈದು, ಮಂಗಳವಾರ ಐದು ಎಂದು ಬದಲಿಸಿದರೆ ನಿಮ್ಮ ದಾಖಲೆಗಳಿಂದ ಏನನ್ನೂ ಕಲಿಯಲಾಗುವುದಿಲ್ಲ.

ಇಲ್ಲೊಂದು ಸಣ್ಣ ಎಡವಟ್ಟು ಪದೇ ಪದೇ ಆಗುತ್ತದೆ. ಹೆಚ್ಚಿನ ಚಾರ್ಟ್‌ಗಳಲ್ಲಿ, ಒಂದೊಂದು ಅವಧಿಯ ಬೆಲೆಗಳನ್ನು ತೋರಿಸುವ ಕ್ಯಾಂಡಲ್‌ಗೆ ಅದು ಶುರುವಾದ ಸಮಯದ ಹೆಸರಿರುತ್ತದೆ. ಹದಿನೈದು ನಿಮಿಷದ ಚಾರ್ಟಿನಲ್ಲಿ 9:15 ಎಂದಿರುವ ಕ್ಯಾಂಡಲ್ ಮುಗಿಯುವುದು 9:30ಕ್ಕೆ. 9:30 ಎಂದು ಬರೆದಿರುವ ಕ್ಯಾಂಡಲನ್ನು ಮೊದಲನೆಯದರ ಜೊತೆಗೆ ಸೇರಿಸಿ ರೇಂಜ್ ಎಳೆಯುವವರು ತಿಳಿಯದೆಯೇ ಮೂವತ್ತು ನಿಮಿಷದ ರೇಂಜ್ ಬಳಸುತ್ತಿರುತ್ತಾರೆ. ಹಾಗೆಯೇ, ಮೊದಲ ನಿಮಿಷದಲ್ಲಿ ಬೆಲೆ ಒಮ್ಮೆ ಮೇಲಕ್ಕೆ ಚಿಮ್ಮಿ ಕೆಳಗಿಳಿದು, ಉಳಿದ ಹದಿನಾಲ್ಕು ನಿಮಿಷ ಅದರ ಹತ್ತಿರಕ್ಕೂ ಹೋಗದಿದ್ದರೆ ಆ ತುದಿಯನ್ನು ಕತ್ತರಿಸಿಬಿಡಬಹುದೇ ಎಂದು ಕೇಳುತ್ತಾರೆ. ನಾನು ಕತ್ತರಿಸುವುದಿಲ್ಲ. ಆ ತುದಿ ಎಲ್ಲರ ಪರದೆಯ ಮೇಲೂ ಕಾಣುತ್ತದೆ, ಜನರ ಸ್ಟಾಪ್‌ಲಾಸ್ ಆರ್ಡರ್‌ಗಳು ಅದರ ಆಚೆಯೇ ಕುಳಿತಿರುತ್ತವೆ.

ಹುಸಿ ಬ್ರೇಕ್‌ಔಟ್ ಏಕೆ ಆಗುತ್ತದೆ ಎಂಬುದು ಈ ಕೊನೆಯ ಮಾತಿನಲ್ಲೇ ಇದೆ. ರೇಂಜಿನ ಮೇಲಿನ ಗೆರೆಯ ಆಚೆ ಎರಡು ಬಗೆಯ ಖರೀದಿ ಆರ್ಡರ್‌ಗಳು ಕಾದಿರುತ್ತವೆ. ಬೆಲೆ ಇಳಿದಾಗ ಮರಳಿ ಕೊಳ್ಳೋಣವೆಂದು ಬೆಳಿಗ್ಗೆ ಮಾರಿ ಕುಳಿತವರ ಸ್ಟಾಪ್‌ಲಾಸ್‌ಗಳು ಒಂದು ಬಗೆ, ಬ್ರೇಕ್‌ಔಟ್‌ಗಾಗಿ ಕಾದವರ ಆರ್ಡರ್‌ಗಳು ಇನ್ನೊಂದು. ಬೆಲೆ ಗೆರೆಯನ್ನು ಮುಟ್ಟಿದ ಕೂಡಲೇ ಇವೆಲ್ಲ ಒಮ್ಮೆಗೇ ಸಿಡಿದು ಬೆಲೆಯನ್ನು ಕೆಲವು ರೂಪಾಯಿ ಮೇಲಕ್ಕೆ ಒಯ್ಯುತ್ತವೆ. ಬಹಳ ಷೇರು ಮಾರಬೇಕಾಗಿರುವ ದೊಡ್ಡ ಕೈಗೆ ಇದಕ್ಕಿಂತ ಒಳ್ಳೆಯ ಘಳಿಗೆ ಸಿಗುವುದಿಲ್ಲ, ಏಕೆಂದರೆ ಎದುರಿಗೆ ಬೆಲೆ ಕೇಳದೆ ಕೊಳ್ಳುವವರ ಸಾಲೇ ಇರುತ್ತದೆ. ಆ ಸಾಲು ಕರಗಿದ ಮೇಲೆ ಹೊಸದಾಗಿ, ತಮ್ಮ ಸ್ವಂತ ಇಚ್ಛೆಯಿಂದ ಕೊಳ್ಳುವವರು ಬಂದರೆ ಅದು ನಿಜವಾದ ಬ್ರೇಕ್‌ಔಟ್; ಬಾರದಿದ್ದರೆ ಬೆಲೆ ಒಳಗೆ ಮರಳುತ್ತದೆ. ಗೆರೆ ದಾಟುವ ಆ ಕ್ಷಣದಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ವ್ಯತ್ಯಾಸ ತಿಳಿಯುವುದು ಮುಂದಿನ ಐದು ಹತ್ತು ನಿಮಿಷಗಳಲ್ಲಿ. ಹಾಗಾಗಿ ನಾವು ಸೋಸುವುದು ಎಂದರೆ ಬಹುಮಟ್ಟಿಗೆ ಕಾಯುವುದು, ಮತ್ತು ಕಾದದ್ದಕ್ಕೆ ಬೆಲೆ ತೆರುವುದು.

ನಾನು ಬಳಸುವ ಮೊದಲ ಜರಡಿ ಮಾತ್ರ ಕಾಯಿಸುವುದಿಲ್ಲ, ಅದು 9:30ಕ್ಕೇ ಉತ್ತರ ಕೊಡುತ್ತದೆ. ಒಂದು ಷೇರು ಸಾಮಾನ್ಯವಾಗಿ ದಿನಕ್ಕೆ ಎಷ್ಟು ದೂರ ಓಡುತ್ತದೆ ಎಂಬುದನ್ನು ಹದಿನಾಲ್ಕು ದಿನಗಳ ಎಟಿಆರ್ ತೋರಿಸುತ್ತದೆ. ಇದರಲ್ಲಿ ದಿನದ ಏರಿಳಿತದ ಜೊತೆಗೆ ಹಿಂದಿನ ದಿನದ ಮುಕ್ತಾಯದಿಂದ ಹಾರಿದ ಗ್ಯಾಪ್ ಕೂಡ ಸೇರಿರುತ್ತದೆ. ಬೆಳಗಿನ ರೇಂಜ್ ಈ ಓಟದ ಅರ್ಧಕ್ಕಿಂತ ಹೆಚ್ಚಿದ್ದರೆ ನಾನು ಆ ದಿನ ಆ ಷೇರನ್ನು ಬಿಡುತ್ತೇನೆ. ದಿನದ ಕಸುವು ಆಗಲೇ ಖರ್ಚಾಗಿದೆ, ಸ್ಟಾಪ್‌ಲಾಸ್ ದೂರವಿದೆ, ಮುಂದಿರುವ ದಾರಿ ಕಿರಿದಾಗಿದೆ. ಐದನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ತದ್ವಿರುದ್ಧ ತೊಂದರೆ. ಅಷ್ಟು ಕಿರಿದಾದ ರೇಂಜನ್ನು ಯಾವ ಕಾರಣವೂ ಇಲ್ಲದ ಸಾಮಾನ್ಯ ಅಲುಗಾಟವೇ ಎರಡೂ ಕಡೆ ದಾಟಿಬಿಡುತ್ತದೆ. ಅರ್ಧ, ಐದನೇ ಒಂದು ಎಂಬ ಈ ಅಂಕಿಗಳು ನನ್ನ ನೋಟ್‌ಬುಕ್ಕಿನಿಂದ ಬಂದವು, ನಿಮ್ಮ ಷೇರುಗಳಿಗೆ ನೀವೇ ಅಳೆದು ನೋಡಬೇಕು.

ಎರಡನೆಯದು ಮುಕ್ತಾಯದ ಜರಡಿ. ಬೆಲೆ ಗೆರೆಯನ್ನು ಮುಟ್ಟಿದರೆ ಸಾಲದು, ಐದು ನಿಮಿಷದ ಕ್ಯಾಂಡಲ್ ಗೆರೆಯ ಆಚೆ ಮುಗಿಯಬೇಕು. ಸಿಡಿದ ಸ್ಟಾಪ್‌ಲಾಸ್‌ಗಳ ಗದ್ದಲ ಅಡಗಲು ಸಾಮಾನ್ಯವಾಗಿ ಅಷ್ಟು ಹೊತ್ತು ಸಾಕು.

ಮೂರನೆಯದು ವಾಲ್ಯೂಮ್, ಮತ್ತು ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹೆಚ್ಚಿನವರು ಹೋಲಿಕೆಯನ್ನೇ ತಪ್ಪಾಗಿ ಮಾಡುತ್ತಾರೆ. ಬ್ರೇಕ್‌ಔಟ್‌ನ ಕ್ಯಾಂಡಲಿನಲ್ಲಿ ವಾಲ್ಯೂಮ್ ಹೆಚ್ಚಿರಬೇಕು ಎಂದು ಎಲ್ಲರೂ ಹೇಳುತ್ತಾರೆ. ಯಾವುದಕ್ಕಿಂತ ಹೆಚ್ಚು ಎಂದು ಹೇಳುವವರು ಕಡಿಮೆ. ದಿನದ ವಾಲ್ಯೂಮ್ ಸಮನಾಗಿ ಹರಡಿರುವುದಿಲ್ಲ. ತೆರೆದಾಗ ಬಹಳ, ಮಧ್ಯಾಹ್ನ ಕಡಿಮೆ, ಮುಚ್ಚುವ ಹೊತ್ತಿಗೆ ಮತ್ತೆ ಬಹಳ. ನಮ್ಮ ಉಡುಪಿ ಹೋಟೆಲಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಬೆಳಿಗ್ಗೆ ಎಂಟರ ತಿಂಡಿಯ ಗಲ್ಲೆಯನ್ನು ಹನ್ನೊಂದು ಗಂಟೆಯ ಗಲ್ಲೆಯ ಜೊತೆ ಹೋಲಿಸಿ ವ್ಯಾಪಾರ ಬಿದ್ದುಹೋಯಿತು ಎಂದು ಯಾವ ಮಾಲೀಕರೂ ಹೇಳುವುದಿಲ್ಲ, ಇಂದಿನ ಹನ್ನೊಂದು ಗಂಟೆಯನ್ನು ನಿನ್ನೆ ಮೊನ್ನೆಯ ಹನ್ನೊಂದು ಗಂಟೆಯೊಂದಿಗೆ ಹೋಲಿಸುತ್ತಾರೆ. ಷೇರಿನಲ್ಲೂ ಅಷ್ಟೇ. 10:05ರ ಕ್ಯಾಂಡಲನ್ನು 9:15ರ ಕ್ಯಾಂಡಲಿಗೆ ಹೋಲಿಸಿದರೆ ಅದು ಯಾವಾಗಲೂ ಸೊರಗಿದಂತೆ ಕಾಣುತ್ತದೆ, ನಿಜವಾದ ಬ್ರೇಕ್‌ಔಟ್‌ಗಳನ್ನೂ ನೀವು ತಳ್ಳಿಹಾಕುತ್ತೀರಿ. ಹಿಂದಿನ ಇಪ್ಪತ್ತು ಕ್ಯಾಂಡಲ್‌ಗಳ ಸರಾಸರಿ ಎಂದು ಚಾರ್ಟಿನಲ್ಲಿ ಬರುವ ಗೆರೆಯೂ ಬೆಳಿಗ್ಗೆ ನಿರುಪಯೋಗಿ, ಅದರೊಳಗೆ ನಿನ್ನೆ ಮುಚ್ಚುವ ಹೊತ್ತಿನ ಭಾರಿ ವಾಲ್ಯೂಮ್ ಸೇರಿಕೊಂಡಿರುತ್ತದೆ. ಹಿಂದಿನ ಹತ್ತು ದಿನಗಳಲ್ಲಿ ಅದೇ 10:05ರಿಂದ 10:10ರ ವರೆಗೆ ಎಷ್ಟು ಷೇರು ಕೈ ಬದಲಾದವು ಎಂಬುದರ ಸರಾಸರಿ ತೆಗೆಯಿರಿ. ಅದರ ಒಂದೂವರೆ ಪಟ್ಟು ದಾಟಿದರೆ ನಾನು ಹೊಸ ಕೊಳ್ಳುವವರು ಬಂದಿದ್ದಾರೆ ಎಂದು ಭಾವಿಸುತ್ತೇನೆ. ನಿಫ್ಟಿಯಲ್ಲಿ ವ್ಯವಹರಿಸುವವರು, ಸೂಚ್ಯಂಕವೆಂಬುದು ಸ್ವತಃ ಕೈ ಬದಲಾಗುವ ವಸ್ತುವಲ್ಲವಾದ್ದರಿಂದ, ಫ್ಯೂಚರ್ಸ್‌ನ ವಾಲ್ಯೂಮನ್ನು ನೋಡಬೇಕು, ಮತ್ತು ಒಪ್ಪಂದದ ತಿಂಗಳು ಬದಲಾಗುವ ದಿನಗಳಲ್ಲಿ ಆ ಸರಾಸರಿಯನ್ನು ನಂಬಬಾರದು.

ನಾಲ್ಕನೆಯದು ಮುಂದಿರುವ ದಾರಿ. ಗೆರೆಯ ಸ್ವಲ್ಪವೇ ಆಚೆ ನಿನ್ನೆಯ ಗರಿಷ್ಠ ಬೆಲೆಯಂತಹ ತಡೆ ಇದ್ದರೆ, ಅಲ್ಲಿಯವರೆಗಿನ ಗಳಿಕೆ ನಿಮ್ಮ ಸ್ಟಾಪ್‌ಲಾಸ್‌ನ ದೂರಕ್ಕಿಂತ ಕಡಿಮೆ ಎಂದಾದರೆ, ತಡೆ ದಾಟುವವರೆಗೂ ಅದು ವ್ಯವಹಾರವೇ ಅಲ್ಲ.

ಈಗ ನನ್ನ ನೋಟ್‌ಬುಕ್ಕಿನ ಒಂದು ದಿನವನ್ನು ಬಿಡಿಸುತ್ತೇನೆ. ಷೇರಿನ ಹೆಸರು ಬೇಡ, ಹೆಸರು ಹೇಳಿದರೆ ನಾಳೆ ಬೆಳಿಗ್ಗೆ ನೀವೆಲ್ಲ ಅದನ್ನೇ ತೆರೆದು ಕೂರುತ್ತೀರಿ. ಹಿಂದಿನ ದಿನದ ಮುಕ್ತಾಯ 632 ರೂಪಾಯಿ, ಗರಿಷ್ಠ 641.50, ಎಟಿಆರ್ 16. ಆ ದಿನ 635ಕ್ಕೆ ತೆರೆದು, 9:30ರ ಹೊತ್ತಿಗೆ ಮೇಲಿನ ಗೆರೆ 638.40, ಕೆಳಗಿನದು 632.80. ಅಗಲ 5.60 ರೂಪಾಯಿ, ಎಟಿಆರ್‌ನ ಮೂರನೇ ಒಂದು ಭಾಗದಷ್ಟು. ಮೊದಲ ಜರಡಿ ದಾಟಿತು.

9:40ರ ಕ್ಯಾಂಡಲಿನಲ್ಲಿ ಬೆಲೆ 639.10 ಮುಟ್ಟಿತು, ಆದರೆ 638.05ಕ್ಕೆ, ಅಂದರೆ ಗೆರೆಯ ಒಳಗೇ, ಮುಗಿಯಿತು. ಆ ಐದು ನಿಮಿಷಗಳ ಸರಾಸರಿ 55,000 ಷೇರು, ಅಂದು ಆದದ್ದು 48,000. ಗೆರೆ ಮುರಿದ ಕ್ಯಾಂಡಲಿನಲ್ಲೇ ಸಾಮಾನ್ಯ ದಿನಕ್ಕಿಂತ ಕಡಿಮೆ ಜನ ಎಂದರೆ ಬಂದವರು ಸ್ಟಾಪ್‌ಲಾಸ್‌ನವರು ಮಾತ್ರ. ಬೆಲೆ ಅಲ್ಲಿಂದ 635.10ಕ್ಕೆ ಇಳಿಯಿತು.

10:05ರ ಕ್ಯಾಂಡಲ್ 639.60ಕ್ಕೆ ಮುಗಿಯಿತು, 40,000ದ ಸರಾಸರಿಗೆ ಎದುರಾಗಿ 98,000 ಷೇರು. ಮುಕ್ತಾಯ ಸರಿ, ವಾಲ್ಯೂಮ್ ಸರಿ. ಆದರೆ ರೇಂಜಿನ ನಡುಮಧ್ಯವಾದ 635.60ಕ್ಕೆ ಸ್ಟಾಪ್‌ಲಾಸ್ ಇಟ್ಟರೆ ಅಪಾಯ 4 ರೂಪಾಯಿ, ನಿನ್ನೆಯ ಗರಿಷ್ಠ ಇನ್ನು ಕೇವಲ 1.90 ದೂರದಲ್ಲಿ. ನಾಲ್ಕನೆಯ ಜರಡಿ ತಡೆಯಿತು, ಕಾದೆ. ಬೆಲೆ 641.80ರ ವರೆಗೆ ಹೋಗಿ ಹಿಂದೆ ಸರಿಯಿತು. ಇಡೀ ದಿನದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಮುಂದಿನ ಕಾಲು ಗಂಟೆ. ಹಿಂದೆ ಸರಿದ ಬೆಲೆ 638.70ರಲ್ಲಿ ನಿಂತಿತು, ಮುರಿದ ಗೆರೆಯೊಳಗೆ ಮರಳಲಿಲ್ಲ, ಮತ್ತು ಇಳಿಯುವಾಗಿನ ಕ್ಯಾಂಡಲ್‌ಗಳಲ್ಲಿ ವಾಲ್ಯೂಮ್ ಬತ್ತಿತ್ತು. ಮಾರುವ ದೊಡ್ಡ ಕೈ ಇದ್ದಿದ್ದರೆ ಇಳಿತ ಇಷ್ಟು ಸೌಮ್ಯವಾಗಿರುತ್ತಿರಲಿಲ್ಲ. 10:30ರ ಕ್ಯಾಂಡಲ್ 642.20ಕ್ಕೆ ಮುಗಿದಾಗ ನಿನ್ನೆಯ ಗರಿಷ್ಠವೂ ಹಿಂದೆ ಬಿದ್ದಿತು, ನಾನು 642.30ಕ್ಕೆ ಕೊಂಡೆ.

ಸ್ಟಾಪ್‌ಲಾಸನ್ನು ಆ ಇಳಿತದ ತಳಕ್ಕಿಂತ ಕೆಳಗೆ 638.20ಕ್ಕೆ ಇಟ್ಟೆ. ಷೇರಿಗೆ 4.10 ರೂಪಾಯಿ ಅಪಾಯ. ಒಂದು ವ್ಯವಹಾರದಲ್ಲಿ ಸಾವಿರ ರೂಪಾಯಿಗಿಂತ ಹೆಚ್ಚು ಕಳೆದುಕೊಳ್ಳುವುದಿಲ್ಲ ಎಂಬುದು ನನ್ನ ಕಟ್ಟು, ಆದ್ದರಿಂದ 240 ಷೇರು. ಗುರಿಯನ್ನು ಎಟಿಆರ್‌ನಿಂದಲೇ ತೆಗೆದೆ: ಹಿಂದಿನ ಮುಕ್ತಾಯ 632ಕ್ಕೆ 16 ಕೂಡಿಸಿದರೆ 648, ಸಾಮಾನ್ಯ ದಿನವೊಂದು ಅಲ್ಲಿಗೆ ದಣಿಯುತ್ತದೆ. ಮಧ್ಯಾಹ್ನ ಎರಡರ ಒಳಗೆ ಅರ್ಧವನ್ನು 648ಕ್ಕೆ ಮಾರಿದೆ, ಉಳಿದರ್ಧ ಸ್ವಲ್ಪ ಹೊತ್ತಿನ ಮೇಲೆ ಇಳಿಮುಖವಾಗಿ 646.10ಕ್ಕೆ ಹೋಯಿತು. ಒಟ್ಟು 1,140 ರೂಪಾಯಿ ಬಂತು. ಮೂರು ಆರ್ಡರ್‌ಗಳಿಗೆ ಇಪ್ಪತ್ತರಂತೆ ಬ್ರೋಕರೇಜ್, ಮಾರಾಟದ ಮೇಲೆ ಶೇಕಡ 0.025ರ ಎಸ್‌ಟಿಟಿ ತೆರಿಗೆ, ಎಕ್ಸ್‌ಚೇಂಜ್ ಶುಲ್ಕ, ಜಿಎಸ್‌ಟಿ, ಸ್ಟಾಂಪ್ ಡ್ಯೂಟಿ ಎಲ್ಲ ಸೇರಿ ಸುಮಾರು 125 ಹೋಯಿತು. ಅಂದರೆ ಷೇರಿಗೆ ಐವತ್ತು ಪೈಸೆಗೂ ಮಿಗಿಲು, ನನ್ನ ಅಪಾಯದ ಎಂಟನೇ ಒಂದು ಭಾಗ, ಗೆದ್ದರೂ ಸೋತರೂ ಕೊಡಲೇಬೇಕಾದದ್ದು. ಕಿರಿದಾದ ರೇಂಜನ್ನು ನಾನು ಬಿಡುವುದಕ್ಕೆ ಇದೂ ಒಂದು ಕಾರಣ. ಸ್ಟಾಪ್‌ಲಾಸ್ ಒಂದು ರೂಪಾಯಿ ದೂರದಲ್ಲಿದ್ದರೆ ಷೇರುಗಳ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ, ಎಸ್‌ಟಿಟಿಯೂ ನಾಲ್ಕು ಪಟ್ಟಾಗುತ್ತದೆ.

ಇಲ್ಲಿ ಮುಂದಿನ ಸಾಲಿನಲ್ಲಿದ್ದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಕೈ ಎತ್ತಿದರು. “ಸ್ವಾಮಿ, 9:40ಕ್ಕೆ ಗೆರೆ ಮುಟ್ಟಿದ ಕೂಡಲೇ ಕೊಂಡವನ ಗತಿ ಏನಾಯಿತು, ಅದನ್ನೂ ಹೇಳಿ” ಎಂದರು. ನ್ಯಾಯವಾದ ಪ್ರಶ್ನೆ. ಅವನು 638.45ಕ್ಕೆ ಕೊಂಡು ಸ್ಟಾಪ್‌ಲಾಸನ್ನು ರೇಂಜಿನ ನಡುಮಧ್ಯಕ್ಕೆ ಇಟ್ಟಿದ್ದರೆ 635.60ಕ್ಕೆ ಹೊರಬಿದ್ದು ಷೇರಿಗೆ 2.85 ಕಳೆದುಕೊಳ್ಳುತ್ತಿದ್ದ. ಆದರೆ ಕೆಳಗಿನ ಗೆರೆಯ ಆಚೆ 632.75ಕ್ಕೆ ಇಟ್ಟಿದ್ದರೆ? ಅಪಾಯ 5.70, ಅದೇ ಸಾವಿರ ರೂಪಾಯಿಗೆ 175 ಷೇರು, ನಾನು ಮಾರಿದ ಬೆಲೆಗಳಿಗೇ ಮಾರಿದ್ದರೂ ಅವನಿಗೆ 1,505 ರೂಪಾಯಿ ಬರುತ್ತಿತ್ತು. ನನಗಿಂತ ಹೆಚ್ಚು! ಆ ದಿನ ಸೋಸದೆ ಕುಡಿದವನೇ ಗೆದ್ದ. ಇದನ್ನು ಮರೆಮಾಚಿ ಜರಡಿಗಳನ್ನು ಹೊಗಳುವವರ ಮಾತನ್ನು ನಂಬಬೇಡಿ. ನಾನು ಕಾದ ಐವತ್ತು ನಿಮಿಷಗಳ ಬೆಲೆ ಷೇರಿಗೆ 3.85 ರೂಪಾಯಿ.

ಹಾಗಾದರೆ ಜರಡಿ ಏಕೆ ಎಂದರೆ, ಅದೇ ಷೇರಿನ ಇನ್ನೊಂದು ದಿನವನ್ನು ಪಕ್ಕದಲ್ಲಿಡಬೇಕು. ಹಿಂದಿನ ಸಂಜೆ ತ್ರೈಮಾಸಿಕ ಫಲಿತಾಂಶ ಬಂದಿತ್ತು. ಮುಕ್ತಾಯ 655, ಎಟಿಆರ್ 17. ಬೆಳಿಗ್ಗೆ 671ಕ್ಕೆ ತೆರೆಯಿತು. ಹದಿನೈದು ನಿಮಿಷಗಳ ರೇಂಜ್ 664ರಿಂದ 676.50, ಅಗಲ 12.50, ಅಂದರೆ ಎಟಿಆರ್‌ನ ಮುಕ್ಕಾಲು ಪಾಲು. 10:05ರ ಕ್ಯಾಂಡಲ್ 677.40ಕ್ಕೆ ಮುಗಿಯಿತು, ವಾಲ್ಯೂಮ್ ಆ ಸಮಯದ ಸರಾಸರಿಯ ಎರಡು ಪಟ್ಟಿಗಿಂತ ಹೆಚ್ಚು. ಮುಕ್ತಾಯದ ಜರಡಿಯೂ ವಾಲ್ಯೂಮಿನ ಜರಡಿಯೂ ಹಸಿರು ನಿಶಾನೆ ತೋರಿಸಿದವು. ಫಲಿತಾಂಶದ ದಿನ ಎಲ್ಲ ಕ್ಯಾಂಡಲ್‌ಗಳಲ್ಲೂ ವಾಲ್ಯೂಮ್ ಹೆಚ್ಚಿರುತ್ತದೆ, ಮಾರುವವರದೂ ಅದರಲ್ಲೇ ಇರುತ್ತದೆ, ಹಾಗಾಗಿ ಆ ದಿನ ಅದು ಏನನ್ನೂ ಹೇಳುವುದಿಲ್ಲ. ಅಗಲದ ಜರಡಿ ಮಾತ್ರ ಬೇಡವೆಂದಿತು. ಹಿಂದಿನ ಮುಕ್ತಾಯದಿಂದ ಲೆಕ್ಕ ಹಾಕಿದರೆ ಷೇರು ಆಗಲೇ 21.50 ರೂಪಾಯಿ ಓಡಿತ್ತು, ಒಂದು ಸಾಮಾನ್ಯ ದಿನದ ಓಟಕ್ಕಿಂತ ಹೆಚ್ಚು. ಮಧ್ಯಾಹ್ನ ಒಂದರ ಹೊತ್ತಿಗೆ ಬೆಲೆ 662. ಮೇಲಿನ ಗೆರೆಯಾಚೆ ಕೊಂಡವನು ಕೆಳಗಿನ ಗೆರೆಯಾಚೆ ಷೇರಿಗೆ ಹದಿಮೂರೂವರೆ ರೂಪಾಯಿ ಕಳೆದುಕೊಂಡು ಹೊರಬಿದ್ದ, ಮತ್ತು ಅಲ್ಲಿ ಕೆಳಮುಖದ ಬ್ರೇಕ್‌ಔಟ್ ಎಂದು ಮಾರಿದವನಿಗೂ ದಾರಿ ಉಳಿದಿರಲಿಲ್ಲ.

ಎರಡು ದಿನಗಳಿಂದ ತೀರ್ಮಾನ ಮಾಡಬಾರದು, ಎರಡು ದಿನಗಳು ಬೇಕಾದ ಕಥೆಯನ್ನು ಹೇಳುತ್ತವೆ. ನಾನು ಮಾಡುವುದು ಇಷ್ಟೇ. ಪ್ರತಿಯೊಂದು ಬ್ರೇಕ್‌ಔಟ್‌ಗೂ, ನಾನು ವ್ಯವಹರಿಸದೆ ಬಿಟ್ಟದ್ದಕ್ಕೂ, ಎಕ್ಸೆಲ್‌ನಲ್ಲಿ ಒಂದು ಸಾಲು ಬರೆಯುತ್ತೇನೆ: ಅಗಲ ಎಟಿಆರ್‌ನ ಎಷ್ಟು ಪಾಲು, ಆ ಸಮಯದ ವಾಲ್ಯೂಮ್ ಎಷ್ಟು ಪಟ್ಟು, ಯಾವ ಜರಡಿ ತಡೆಯಿತು, ಮತ್ತು ಮುಟ್ಟಿದ ಕೂಡಲೇ ಕೊಂಡಿದ್ದರೆ ಅಪಾಯದ ಎಷ್ಟು ಪಟ್ಟು ಬರುತ್ತಿತ್ತು ಅಥವಾ ಹೋಗುತ್ತಿತ್ತು. ನೂರು ಸಾಲುಗಳಾದ ಮೇಲೆ ಒಂದೊಂದೇ ಜರಡಿಯನ್ನು ತೆಗೆದು ಮೊತ್ತ ನೋಡುತ್ತೇನೆ. ತೆಗೆದಾಗ ಮೊತ್ತ ಹೆಚ್ಚಿದರೆ ಆ ಜರಡಿ ತಡೆದ ಸೋಲಿಗಿಂತ ತಿಂದ ಗೆಲುವೇ ಹೆಚ್ಚು ಎಂದರ್ಥ. ಹೀಗೆ ನೋಡಿಯೇ ನಾನು ಹಿಂದೆ ಬಳಸುತ್ತಿದ್ದ ಎರಡು ಸೂಚಕಗಳನ್ನು ಕಿತ್ತುಹಾಕಿದೆ; ಅವು ವಾಲ್ಯೂಮ್ ಮತ್ತು ಅಗಲ ಹೇಳಿದ್ದನ್ನೇ ತಡವಾಗಿ ಹೇಳುತ್ತಿದ್ದವು. ಅಗಲದ ಜರಡಿ ಮಾತ್ರ ಪ್ರತಿ ಸಲವೂ ತನ್ನ ಕೂಲಿಯನ್ನು ದುಡಿದುಕೊಂಡಿದೆ.

ಕೊನೆಗೆ ಡೊಂಬಿವಲಿಯಿಂದ ಬಂದಿದ್ದ ಯುವಕನೊಬ್ಬ ಕೇಳಿದ: “ಸರ್, 9:15ಕ್ಕೆ ನಾನು ಲೋಕಲ್ ಟ್ರೇನಿನಲ್ಲಿ ಇರುತ್ತೇನೆ, ನೆಟ್‌ವರ್ಕ್ ಬಂದು ಹೋಗುತ್ತದೆ. ನನಗೆ ಇದು ಆಗುವ ಮಾತೇ?” ಗೆರೆ ಮುಟ್ಟಿದ ಕೂಡಲೇ ಕೊಳ್ಳುವ ಪದ್ಧತಿಯಾದರೆ ಆಗದು. ಕ್ಯಾಂಡಲ್ ಮುಗಿಯುವುದನ್ನು ಕಾಯುವವನಿಗೆ 9:30ರ ಮೊದಲು ಕೆಲಸವೇ ಇಲ್ಲ, ಕಚೇರಿ ತಲುಪಿ ಹತ್ತಕ್ಕೆ ಗೆರೆ ಎಳೆದರೂ ರೇಂಜ್ ಅಲ್ಲೇ ಇರುತ್ತದೆ. ಆದರೆ ಒಂದು ನಿಯಮವನ್ನು ಅವನು ಮುರಿಯಬಾರದು: ಕೊಂಡ ಮರುಕ್ಷಣ ಸ್ಟಾಪ್‌ಲಾಸ್ ಆರ್ಡರ್ ಎಕ್ಸ್‌ಚೇಂಜ್ ತಲುಪಿರಬೇಕು. ಮೊಬೈಲಿನಲ್ಲಿ ಅಲರ್ಟ್ ಇಟ್ಟುಕೊಂಡು ಆಮೇಲೆ ಕೈಯಿಂದ ಮಾರುತ್ತೇನೆ ಎನ್ನುವುದು ಸ್ಟಾಪ್‌ಲಾಸ್ ಅಲ್ಲ. ಎನ್‌ಎಸ್‌ಇಯಲ್ಲಾದರೆ, ಬೆಲೆ ನೀವು ಹೇಳಿದ ಟ್ರಿಗರನ್ನು ಮುಟ್ಟಿದ ಮೇಲೆ ಸಿಕ್ಕ ಬೆಲೆಗೆ ಮಾರಿಬಿಡುವ ಎಸ್‌ಎಲ್-ಎಂ ಆರ್ಡರನ್ನೇ ಹಾಕುವುದು ಒಳ್ಳೆಯದು. ಬರಿಯ ಎಸ್‌ಎಲ್ ಆರ್ಡರಿನಲ್ಲಿ ಟ್ರಿಗರಿಗೂ, ಇದಕ್ಕಿಂತ ಕಡಿಮೆಗೆ ಮಾರಬೇಡ ಎಂದು ಹೇಳುವ ಲಿಮಿಟಿಗೂ ನಡುವೆ ಹತ್ತು ಪೈಸೆ ಮಾತ್ರ ಬಿಟ್ಟು, ಬೆಲೆ ಅದನ್ನು ಹಾರಿ ಹೋಗಿ, ಆರ್ಡರ್ ಹಾಗೆಯೇ ನೇತಾಡುತ್ತಿರುವುದನ್ನು ಠಾಣೆಗೂ ಘಾಟ್ಕೋಪರಿಗೂ ನಡುವೆ ನೋಡಿದವನು ನಾನೇ. ಮತ್ತು ಕಚೇರಿ ತಲುಪುವಷ್ಟರಲ್ಲಿ ಬ್ರೇಕ್‌ಔಟ್ ಆಗಿಹೋಗಿ ಬೆಲೆ ಗೆರೆಯಿಂದ ರೇಂಜಿನ ಅಗಲದಷ್ಟು ಮುಂದೆ ಹೋಗಿದ್ದರೆ ಅದನ್ನು ಬೆನ್ನಟ್ಟುವಂತಿಲ್ಲ. ಗೆರೆಯ ಹತ್ತಿರ ಮರಳಿ ಬಂದು, ಕಡಿಮೆ ವಾಲ್ಯೂಮಿನಲ್ಲಿ ನಿಂತರೆ ಮಾತ್ರ ನೋಡಬಹುದು, ಅದೂ ಹನ್ನೊಂದೂವರೆಯ ಒಳಗೆ. ಆಮೇಲೆ ಮುರಿಯುವ ಗೆರೆಗಳನ್ನು ನಾನು ಬೆಳಗಿನ ರೇಂಜಿನ ಲೆಕ್ಕದಲ್ಲಿ ಹಿಡಿಯುವುದೇ ಇಲ್ಲ.